ಅರ್ಜಿ ಅಂಬಾರಾಯ ಹುಟ್ಟಿದ ಬಗೆ: ಹಾಸ್ಯಕವಿತೆಗೆ ಒಂದು ಕಾಯಂ ಪಾತ್ರವನ್ನು ಕಟ್ಟುವ ಸಮಗ್ರ ಮಾರ್ಗದರ್ಶಿ

ವಾರಕ್ಕೊಂದು ಚುಟುಕ ಬರೆಯುವವರಿಗೆ ಒಂದು ಹಂತದಲ್ಲಿ ಒಂದು ತೊಂದರೆ ಎದುರಾಗುತ್ತದೆ. ಪ್ರತಿ ಚುಟುಕದಲ್ಲೂ ಹೊಸದಾಗಿ ನಗಿಸಬೇಕು, ಹೊಸದಾಗಿ ಪರಿಚಯ ಹೇಳಿಕೊಳ್ಳಬೇಕು. ನಾಲ್ಕು ಸಾಲಿನಲ್ಲಿ ಎರಡು ಸಾಲು ಪರಿಚಯಕ್ಕೇ ಹೋಗುತ್ತದೆ. ಓದುಗರಿಗೆ ಗೊತ್ತಿರುವ ಒಬ್ಬ ಮನುಷ್ಯ ಪ್ರತಿ ಬಾರಿ ಬಂದು ಮಾತನಾಡಿದರೆ ಆ ಎರಡು ಸಾಲು ಉಳಿಯುತ್ತವೆ, ಅವನ ಹೆಸರು ಕಂಡ ಕೂಡಲೇ ಅರ್ಧ ನಗು ಬಂದಿರುತ್ತದೆ. ಅಂಥ ಮನುಷ್ಯನನ್ನು ಹೇಗೆ ಕಟ್ಟಬೇಕು, ಅವನಿಗೆ ಇಡುವ ಹೆಸರಿನಿಂದಲೇ ಅವನ ದನಿ, ವಯಸ್ಸು, ಸ್ವಭಾವ ಹೇಗೆ ಹೊಮ್ಮಬೇಕು ಎಂಬುದನ್ನು ಒಂದೇ ಪಾತ್ರ ಹಿಡಿದು ಇಲ್ಲಿ ತೋರಿಸುತ್ತೇನೆ. ಪಾತ್ರ ಯಾದಗಿರಿ ಕಡೆಯದು. ಹೆಸರು ಅರ್ಜಿ ಅಂಬಾರಾಯ.

ನಮ್ಮ ಭಾಗಕ್ಕೆ ಇದು ಹೊಸ ಕಸುಬಲ್ಲ. ಬಸವಕಲ್ಯಾಣದ ಕಾಲದಿಂದ ವಚನಕ್ಕೆ ಅಂಕಿತ ಇದೆ. ತತ್ವಪದ ಹಾಡುವವರು ಕೊನೆಯ ನುಡಿಯಲ್ಲಿ ಅಂಕಿತ ಬರುವುದನ್ನು ಕಾಯುತ್ತಾರೆ. ಕಲಬುರಗಿಯ ಮುಷಾಯಿರಾಗಳಲ್ಲಿ ಗಜಲಿನ ಕೊನೆಯ ದ್ವಿಪದಿಯಲ್ಲಿ ಕವಿಯ ಕಾವ್ಯನಾಮವಾದ ತಖಲ್ಲುಸ್ ಬಂದಾಗ ಸಭೆ ವಾಹ್ ಎನ್ನುತ್ತದೆ. ಆದರೆ ಅಂಕಿತಕ್ಕೂ ಕಲ್ಪಿತ ಪಾತ್ರಕ್ಕೂ ಒಂದು ವ್ಯತ್ಯಾಸವಿದೆ. ಅಂಕಿತ ಬರೆದವರ ಗುರುತು ಅಥವಾ ಅವರ ದೈವದ ಗುರುತು. ಕಲ್ಪಿತ ಪಾತ್ರ ಬರೆದವನಿಗಿಂತ ಬೇರೆಯಾದ ಮನುಷ್ಯ. ಡಿ.ವಿ.ಜಿ. 1943ರಲ್ಲಿ ಹೊರತಂದ ಕಗ್ಗದ ಮಂಕುತಿಮ್ಮ ಇದಕ್ಕೆ ಎಲ್ಲರಿಗೂ ಗೊತ್ತಿರುವ ಉದಾಹರಣೆ. ಮಂಕು ಎಂದು ಕರೆದುಕೊಳ್ಳುವವನ ಬಾಯಲ್ಲಿ ಗಹನವಾದ ಮಾತು ಬರುತ್ತದೆ. ಹೆಸರು ಒಂದು ಕಡೆಗೆ ಎಳೆಯುತ್ತದೆ, ಮಾತು ಇನ್ನೊಂದು ಕಡೆಗೆ. ಆ ನಡುವಿನ ಅಂತರದಲ್ಲೇ ಪಾತ್ರ ಬದುಕುತ್ತದೆ. ನಮ್ಮ ಹೆಸರಿನಲ್ಲೂ ಅಂಥ ಒಂದು ಅಂತರ ಬೇಕು. ಮುಂದಿನ ಎಲ್ಲ ಹೆಜ್ಜೆಗಳೂ ಅದನ್ನು ಹುಡುಕುವುದಕ್ಕೇ ಇವೆ.

ಮೊದಲು ಹೆಸರಲ್ಲ, ಚಾಳಿ

ಬಹಳ ಜನ ಹೆಸರಿನಿಂದಲೇ ಶುರು ಮಾಡುತ್ತಾರೆ. ಖಾರದ ಕಾಶಿಬಾಯಿ, ಕೋಪದ ಕಲ್ಲಪ್ಪ, ನಗೆಮಾರಿ ನಾಗಣ್ಣ. ಕೇಳಿದ ಕೂಡಲೇ ಚೆನ್ನಾಗಿದೆ ಅನ್ನಿಸುತ್ತದೆ, ಮೂರನೆಯ ಚುಟುಕಕ್ಕೆ ಬರಿದಾಗುತ್ತದೆ. ಕಾಶಿಬಾಯಿ ಖಾರವೆಂದು ಹೆಸರೇ ಹೇಳಿಬಿಟ್ಟ ಮೇಲೆ ಅವಳ ಬಾಯಿಂದ ಖಾರದ ಮಾತು ಬಂದರೆ ಅದರಲ್ಲೇನು ಸೋಜಿಗ? ಸ್ವಭಾವವನ್ನು ನೇರವಾಗಿ ಹೆಸರಿಗೆ ಅಂಟಿಸಿದರೆ ಕವಿತೆಗೆ ಮಾಡಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಮೊದಲು ಮನುಷ್ಯನ ಚಾಳಿಯನ್ನು ಹುಡುಕಿ. ಅವನು ಮತ್ತೆ ಮತ್ತೆ ಮಾಡುವ, ಮಾಡದೆ ಇರಲಾರದ ಒಂದು ಕೆಲಸ. ಅದು ಕವಿತೆಯ ಆಕಾರವನ್ನೂ ಕೊಡುವಂತಿದ್ದರೆ ಅರ್ಧ ಗೆದ್ದಂತೆ. ತಹಶೀಲ್ದಾರ್ ಕಚೇರಿಯ ಹೊರಗೆ ಬೇವಿನ ಮರದ ಕೆಳಗೆ ಕುಳಿತು ಪಹಣಿ ತಿದ್ದುಪಡಿಗೆ, ಪಿಂಚಣಿಗೆ, ಜಾತಿ ಪ್ರಮಾಣಪತ್ರಕ್ಕೆ ಅರ್ಜಿ ಬರೆದುಕೊಡುವವರನ್ನು ಬೀದರ್, ಕಲಬುರಗಿ, ಯಾದಗಿರಿ ಈ ನಮ್ಮ ಮೂರೂ ಜಿಲ್ಲೆಗಳಲ್ಲಿ ಕಾಣಬಹುದು. ಅಂಥ ಒಬ್ಬ ಮನುಷ್ಯ ಜೀವನಪೂರ್ತಿ ಬೇರೆಯವರ ಕಷ್ಟವನ್ನು ಅರ್ಜಿಯ ಭಾಷೆಯಲ್ಲಿ ಬರೆದು ಬರೆದು, ಈಗ ಅವನಿಗೆ ಬೇರೆ ಭಾಷೆಯೇ ಬರುವುದಿಲ್ಲ ಎಂದು ಇಟ್ಟುಕೊಳ್ಳಿ. ಬಿಸಿಲು ಹೆಚ್ಚಾದರೆ ಸೂರ್ಯನಿಗೆ ಅರ್ಜಿ. ಮಳೆ ಬಾರದಿದ್ದರೆ ಮೋಡಕ್ಕೆ ಅರ್ಜಿ. ಮೊಣಕಾಲು ನೋಯುತ್ತಿದ್ದರೆ ಮೊಣಕಾಲಿಗೆ.

ಇದರಿಂದ ಮೂರು ಲಾಭ ಒಮ್ಮೆಗೇ ಸಿಗುತ್ತವೆ. ಕವಿತೆಗೆ ಆಕಾರ ಸಿಕ್ಕಿತು, ಏಕೆಂದರೆ ಅರ್ಜಿಗೆ ತನ್ನದೇ ಅಂಗಗಳಿವೆ: ಯಾರಿಗೆ, ವಿಷಯ, ಉಲ್ಲೇಖ, ಕೋರಿಕೆ, ಸಹಿ. ದನಿ ಸಿಕ್ಕಿತು, ಏಕೆಂದರೆ ಕಚೇರಿಯ ಕನ್ನಡ ಎಲ್ಲರಿಗೂ ಪರಿಚಿತ. ಹಾಸ್ಯದ ಮೂಲವೂ ಸಿಕ್ಕಿತು: ಅರ್ಜಿ ಹೋಗುತ್ತದೆ, ಉತ್ತರ ಬರುವುದಿಲ್ಲ.

ಅವನ ಜಾತಕ

ಈಗ ಒಂದು ಹಾಳೆಯಲ್ಲಿ ಅವನ ಜಾತಕ ಬರೆಯಿರಿ. ಒಂದೇ ಪುಟ ಸಾಕು. ಹತ್ತು ಪುಟ ಬರೆದರೆ ಅದನ್ನೆಲ್ಲ ಕವಿತೆಗೆ ತುರುಕುವ ಆಸೆ ಬರುತ್ತದೆ. ಎಲ್ಲಕ್ಕಿಂತ ಮೊದಲು ಹುಟ್ಟಿದ ವರ್ಷ ಬರೆಯಿರಿ, ಏಕೆಂದರೆ ವಯಸ್ಸು ಎಂದರೆ ಬರಿಯ ಸಂಖ್ಯೆಯಲ್ಲ, ಮನುಷ್ಯ ಏನೇನು ಕಂಡಿದ್ದಾನೆ ಎಂಬ ಲೆಕ್ಕ.

ಅಂಬಾರಾಯ 1956ರ ಬೇಸಿಗೆಯಲ್ಲಿ, ಭೀಮಾ ನದಿಯ ದಂಡೆಯ ಒಂದು ಹಳ್ಳಿಯಲ್ಲಿ ಹುಟ್ಟಿದನೆಂದು ಇಟ್ಟುಕೊಳ್ಳೋಣ. ವರ್ಷವನ್ನು ಸುಮ್ಮನೆ ಆರಿಸಿದ್ದಲ್ಲ. ಆಗ ಅವನ ಹಳ್ಳಿ ಹೈದರಾಬಾದ್ ರಾಜ್ಯದಲ್ಲಿತ್ತು. ಅದೇ ವರ್ಷ ನವೆಂಬರ್ 1ಕ್ಕೆ ಮೈಸೂರು ರಾಜ್ಯಕ್ಕೆ ಸೇರಿತು, ಆಗ ಅವನಿನ್ನೂ ತೊಟ್ಟಿಲಲ್ಲಿದ್ದ. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. ಗುಲಬರ್ಗಾ ಜಿಲ್ಲೆ ಎಂದು ಬರೆದು ಬರೆದು ಕೈ ಪಳಗಿದ ಮೇಲೆ, 2010ರಲ್ಲಿ ಯಾದಗಿರಿ ಬೇರೆ ಜಿಲ್ಲೆಯಾಯಿತು. ಹೈದರಾಬಾದ್ ಕರ್ನಾಟಕ 2019ರಲ್ಲಿ ಕಲ್ಯಾಣ ಕರ್ನಾಟಕವಾಯಿತು. ಮನುಷ್ಯ ಕುಳಿತಲ್ಲಿಂದ ಕದಲಿಲ್ಲ, ಅರ್ಜಿಯ ಮೇಲಿನ ವಿಳಾಸ ಮಾತ್ರ ಬದಲಾಗುತ್ತಲೇ ಹೋಯಿತು. ಹತ್ತು ವರ್ಷ ಮುಂದೆಯೋ ಹಿಂದೆಯೋ ಹುಟ್ಟಿದ್ದರೆ ಈ ಸಾಮಗ್ರಿ ಇಷ್ಟು ಅಚ್ಚುಕಟ್ಟಾಗಿ ಒದಗುತ್ತಿರಲಿಲ್ಲ.

ಜಾತಕದ ಎರಡನೆಯ ಭಾಗ ಅವನು ಏನನ್ನು ಮಾಡುವುದಿಲ್ಲ ಎಂಬುದು. ಸ್ವಭಾವ ನಿಲ್ಲುವುದು ಇದರ ಮೇಲೆ. ಅಂಬಾರಾಯ ಯಾರನ್ನೂ ಏಕವಚನದಲ್ಲಿ ಕರೆಯುವುದಿಲ್ಲ, ಸೊಳ್ಳೆಯನ್ನೂ. ಅವನು ಬೈಯುವುದಿಲ್ಲ. ಯಾರ ಮೇಲೂ ದೂರು ಕೊಡುವುದಿಲ್ಲ, ಕೋರುತ್ತಾನೆ ಅಷ್ಟೆ. ಮತ್ತು ಅವನು ಬಿಡುವುದಿಲ್ಲ. ಇಷ್ಟು ವಿನಯವಂತ ಇಷ್ಟು ಹಟಮಾರಿಯೂ ಆಗಿರುವುದೇ ಅವನ ಸ್ವಭಾವ. ಹೆಸರಿನಲ್ಲಿ ವಿನಯವೂ ಇಲ್ಲ, ಹಟವೂ ಇಲ್ಲ ಎಂಬುದನ್ನು ಗಮನಿಸಿ. ಅವೆರಡೂ ಕವಿತೆಯಿಂದಲೇ ತಿಳಿಯಬೇಕು.

ಹೆಸರು: ಯಾವ ಭಾಗ ಏನು ಹೇಳಬೇಕು

ಎರಡು ಪದದ ಹೆಸರು ಇಂಥ ಪಾತ್ರಕ್ಕೆ ಒಗ್ಗುತ್ತದೆ. ಒಂದು ಪದ ಚಾಳಿಯನ್ನು ಹೇಳಲಿ, ಇನ್ನೊಂದು ವಯಸ್ಸನ್ನೂ ಸೀಮೆಯನ್ನೂ ಹೇಳಲಿ. ಸ್ವಭಾವವನ್ನು ಯಾವ ಪದವೂ ಹೇಳದಿರಲಿ, ಎರಡರ ಜೋಡಣೆಯಿಂದ ಅದು ಬರಲಿ.

ವಯಸ್ಸು ಹೇಳುವ ಪದವನ್ನು ಹುಡುಕಲು ಮತದಾರರ ಪಟ್ಟಿಗಿಂತ ಒಳ್ಳೆಯ ಪುಸ್ತಕವಿಲ್ಲ. ಹೆಸರಿನ ಜೊತೆಗೆ ವಯಸ್ಸು ಇರುತ್ತದೆ. ನಿಮ್ಮ ಊರಿನ ಪಟ್ಟಿಯನ್ನು ನಿಧಾನವಾಗಿ ಓದಿದರೆ ಹೆಸರುಗಳು ಪದರ ಪದರವಾಗಿ ಕಾಣುತ್ತವೆ. ಭೀಮಬಾಯಿ, ನಿಂಗಮ್ಮ, ಸಾಯಬಣ್ಣ, ಹಣಮಂತರಾಯ ಇವರೆಲ್ಲ ಹಿರಿಯರ ಕಡೆ ಸೇರುತ್ತಾರೆ. ಶಕುಂತಲಾ, ಮಲ್ಲಿಕಾರ್ಜುನ ನಡುವೆ. ಸವಿತಾ, ರೇಖಾ, ಸಂತೋಷ ಅದರ ಈಚೆ. ಐಶ್ವರ್ಯಾ, ಆದಿತ್ಯ ಇನ್ನೂ ಈಚೆ. ಬರಿಯ ಹೆಸರಿನ ಪದವನ್ನು ಮಾತ್ರ ಎತ್ತಿಕೊಳ್ಳಿ. ಒಬ್ಬರ ಪೂರ್ತಿ ಹೆಸರನ್ನು, ಅಂದರೆ ತಂದೆಯ ಹೆಸರು ಅಡ್ಡಹೆಸರು ಸಹಿತ ಎತ್ತಿಕೊಂಡರೆ ಆ ಮನುಷ್ಯ ನಾಳೆ ನಿಮ್ಮ ಮನೆ ಬಾಗಿಲಿಗೆ ಬರಬಹುದು, ಬರುವುದರಲ್ಲಿ ತಪ್ಪೂ ಇಲ್ಲ.

ಸೀಮೆಯೂ ಹೆಸರಿನಲ್ಲಿ ಅಡಗಿರುತ್ತದೆ. ಮಾಣಿಕಪ್ಪ ಎಂದರೆ ಬೀದರ್, ಹುಮನಾಬಾದ್ ಕಡೆಯವರು ಕಣ್ಣ ಮುಂದೆ ಬರುತ್ತಾರೆ, ಮಾಣಿಕ ಪ್ರಭುಗಳ ನೆನಪಿನಿಂದ. ಹೆಸರಿನ ಕೊನೆಗೆ ಬಾಯಿ, ರಾವ್ ಬರುವುದು ಮರಾಠಿಯ ನೆರೆ ಇರುವ ಕಡೆ ಹೆಚ್ಚು. ಅಂಬಾರಾಯ ಎಂಬ ಹೆಸರನ್ನು ಮೈಸೂರಿನ ಓದುಗ ಕೇಳಿಯೇ ಇರಲಿಕ್ಕಿಲ್ಲ, ಕಲಬುರಗಿ ಸೀಮೆಯ ಓದುಗ ಮಾತ್ರ ಅಂಬಾರಾಯನೊಬ್ಬನನ್ನು ಖಂಡಿತ ಬಲ್ಲ. ಅಡ್ಡಹೆಸರಿಲ್ಲದೆ ನಿಂತಾಗ ಅದು ಜಾತಿಯನ್ನು ಬೇಗ ಬಿಟ್ಟುಕೊಡುವುದೂ ಇಲ್ಲ. ಇದು ನನ್ನ ಮಟ್ಟಿಗೆ ಮುಖ್ಯ. ಪಾಟೀಲ, ಕುಲಕರ್ಣಿ, ದೇಶಮುಖ ಎಂದು ಸೇರಿಸಿದ ಕ್ಷಣವೇ ಓದುಗ ಮನುಷ್ಯನನ್ನು ಬಿಟ್ಟು ಅವನ ಮನೆತನವನ್ನು ನೋಡತೊಡಗುತ್ತಾನೆ. ನಗು ಯಾರ ಮೇಲೆ ಎಂಬ ಪ್ರಶ್ನೆ ಏಳುತ್ತದೆ. ಅದೇ ಕಾರಣಕ್ಕೆ, ಜನ ಕೈಮುಗಿಯುವ ಶರಣರ, ಸೂಫಿಗಳ ಹೆಸರನ್ನು ಹಾಸ್ಯದ ಅಡ್ಡಹೆಸರಿನ ಪಕ್ಕ ಕೂರಿಸುವುದು ಬೇಡ.

ಮುಂದೆ ಇಡುವ ಪದಕ್ಕೆ ಮೂರು ಉಮೇದುವಾರರನ್ನು ನೋಡೋಣ. ಮುನ್ಷಿ ಮಾಣಿಕಪ್ಪ ಕೇಳಲು ಸೊಗಸು. ಆದರೆ ಮುನ್ಷಿ ಎಂದ ಕೂಡಲೇ ನಿಜಾಮರ ಕಾಲದ ಕಚೇರಿ ಕಾಣುತ್ತದೆ. ಹಾಗಿದ್ದರೆ ಇವನಿಗೆ ಈಗ ತೊಂಬತ್ತು ದಾಟಿರಬೇಕು, 1956ರ ಜಾತಕದೊಂದಿಗೆ ಹೊಂದುವುದಿಲ್ಲ. ದರಖಾಸ್ತು ದೇವಿಂದ್ರಪ್ಪ ಇನ್ನೂ ಸೊಗಸು, ದಕಾರಗಳ ಗತ್ತು ಇದೆ. ಅವನು ಬಿದ್ದದ್ದು ಬೇರೆ ಪರೀಕ್ಷೆಯಲ್ಲಿ, ಅದನ್ನು ಈಗಲೇ ಹೇಳುತ್ತೇನೆ. ಉಳಿದವನು ಅರ್ಜಿ ಅಂಬಾರಾಯ. ಅರ್ಜಿ ಚಿಕ್ಕ ಪದ, ಕೈಚಾಚುವ ಪದ. ಅಂಬಾರಾಯ ದೀರ್ಘಗಳು ತುಂಬಿದ, ಅಂಬಾರಿ ಹತ್ತಿದ ರಾಯನಂತೆ ಕೇಳಿಸುವ ಹೆಸರು. ಬೇಡುವವನ ಪದದ ಪಕ್ಕದಲ್ಲಿ ದೊರೆಯ ಗತ್ತಿನ ಹೆಸರು ಕುಳಿತಿದೆ. ನಮಗೆ ಬೇಕಿದ್ದ ಅಂತರ ಇಲ್ಲೇ ಇದೆ.

ಹೆಸರು ಸಾಲಿನೊಳಗೆ ಕೂರಬೇಕು

ಗದ್ಯದ ಪಾತ್ರಕ್ಕೆ ಇಷ್ಟು ಸಾಕು. ಕವಿತೆಯ ಪಾತ್ರಕ್ಕೆ ಸಾಲದು, ಅವನ ಹೆಸರು ಲಯದಲ್ಲಿ ಬರಬೇಕು. ಮಾತ್ರೆ ಎಣಿಸುವುದು ಶಾಲೆಯಲ್ಲಿ ಕಲಿತದ್ದೇ: ಹ್ರಸ್ವಕ್ಕೆ ಒಂದು, ದೀರ್ಘಕ್ಕೆ ಎರಡು, ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಸೊನ್ನೆ ಇರುವ ಅಕ್ಷರಕ್ಕೂ ಎರಡು. ಅರ್ಜಿ ಎಂದರೆ ಎರಡು ಮತ್ತು ಒಂದು. ಅಂಬಾರಾಯ ಎಂದರೆ ಎರಡು, ಎರಡು, ಎರಡು, ಒಂದು. ಒಟ್ಟು ಹತ್ತು. ಅದನ್ನು ‘ಅರ್ಜಿ ಅಂ’ ‘ಬಾರಾಯ’ ಎಂದು ಒಡೆದರೆ ಐದು ಮಾತ್ರೆಯ ಎರಡು ಗಣಗಳು ಸರಿಯಾಗಿ ಸಿಗುತ್ತವೆ. ದರಖಾಸ್ತು ಐದು ಮಾತ್ರೆ, ಅದೂ ಸರಿಯೇ. ದೇವಿಂದ್ರಪ್ಪ ಮಾತ್ರ ಏಳು, ‘ದೇವಿಂ’ ಎನ್ನುವಲ್ಲಿಗೆ ನಾಲ್ಕಾಗಿ ಮುಂದಿನ ಅಕ್ಷರಕ್ಕೆ ಆರಾಗುತ್ತದೆ. ಐದಕ್ಕೆ ಅವನನ್ನು ನಿಲ್ಲಿಸಲಾಗುವುದಿಲ್ಲ. ಆದ್ದರಿಂದ ಅವನನ್ನು ಮನೆಗೆ ಕಳಿಸಬೇಕಾಯಿತು.

ಹೆಸರು ಕೊನೆಯ ಸಾಲಿನ ಕೊನೆಯಲ್ಲಿ ಬರಲಿ, ಅರ್ಜಿಯ ಸಹಿ ಬರುವಂತೆ. ಸಾಲಿಗೆ ಮೂರು ಗಣ ಎಂದಿಟ್ಟುಕೊಂಡರೆ ಹೆಸರಿನ ಮುಂದೆ ಐದು ಮಾತ್ರೆಯ ಒಂದು ಪದಕ್ಕೆ ಜಾಗ ಉಳಿಯುತ್ತದೆ. ಆ ಜಾಗವನ್ನು ಜಾಣತನದಿಂದ ಬಳಸಬೇಕು. ಅದರಲ್ಲಿ ಅವನ ಆ ಹೊತ್ತಿನ ಮನಸ್ಸನ್ನು ಇಡಿ. ಮೊದಲ ಅರ್ಜಿಗೆ ‘ಕೈಮುಗಿದ’. ಉತ್ತರಕ್ಕೆ ಕಾಯುವಾಗ ‘ಕಾದಿರುವ’. ಎರಡನೆಯ ಸಲ ಬರೆಯುವಾಗ ‘ನೆನಪಿಸುವ’. ವರ್ಷಕ್ಕೊಮ್ಮೆ, ತಡೆಯಲಾರದಾದಾಗ ಮಾತ್ರ, ‘ಮುನಿದಿರುವ’. ನಾಲ್ಕೂ ಐದು ಮಾತ್ರೆಯವು. ಹೆಸರು ಬದಲಾಗದೆ ಒಂದೇ ಪದದಿಂದ ಅವನ ಮುಖ ಬದಲಾಗುತ್ತದೆ.

ಒಂದು ಸಣ್ಣ ಎಚ್ಚರಿಕೆ. ‘ಕೈಮುಗಿದ ಅರ್ಜಿ’ ಎಂಬಲ್ಲಿ ಸಂಧಿ ಮಾಡಬೇಡಿ. ‘ಕೈಮುಗಿದರ್ಜಿ’ ಎಂದರೆ ಒಂದು ಮಾತ್ರೆಯೂ ಹೋಯಿತು, ಸಹಿಗೆ ಮುಂಚೆ ಬೇಕಾದ ಬಿಡುವೂ ಹೋಯಿತು. ಓದುವಾಗ ಅಲ್ಲಿ ಅರೆಗಳಿಗೆ ನಿಲ್ಲಬೇಕು.

ಮೊದಲ ಅರ್ಜಿ

ಪ್ರತಿ ಕವಿತೆಯ ತಲೆಯ ಮೇಲೆ ಗದ್ಯದಲ್ಲಿ ಒಂದು ವಿಷಯದ ಸಾಲು ಇಡಿ. ಪರಿಚಯದ ಭಾರವನ್ನು ಅದು ಹೊರುತ್ತದೆ, ಕವಿತೆ ಹಗುರವಾಗುತ್ತದೆ. ಮೇ ತಿಂಗಳ ಕವಿತೆ ಹೀಗೆ ಬಂತು:

ವಿಷಯ: ಎರಡು ದಿನಗಳ ರಜೆಯ ಮೇಲೆ ತೆರಳುವ ಬಗ್ಗೆ

ಸೂರ್ಯ ಸಾಹೇಬರೇ, ಎರಡು ದಿನ
ರಜೆಯ ಪಡೆಯಿರಿ ಎಂದು ಕೋರುವೆನು.
ಬದಲಿ ಕೆಲಸಕೆ ಮೋಡರಿದ್ದಾರೆ.
ಕೈಮುಗಿದ ಅರ್ಜಿ ಅಂಬಾರಾಯ

ಇಲ್ಲಿ ನಗು ಎಲ್ಲಿಂದ ಬಂತು ಎಂದು ಬಿಚ್ಚಿ ನೋಡಬೇಕು, ಏಕೆಂದರೆ ಮುಂದಿನ ನೂರು ಕವಿತೆಗೂ ಅದೇ ಆಧಾರ. ನಮ್ಮ ಕಡೆಯ ಮೇ ತಿಂಗಳಲ್ಲಿ ಯಾರೂ ಸೂರ್ಯನನ್ನು ಬೈಯದೆ ಇರುವುದಿಲ್ಲ. ಅಂಬಾರಾಯ ಬೈಯುವುದಿಲ್ಲ, ನಿಮಗೆ ವಿಶ್ರಾಂತಿ ಬೇಕು ಎನ್ನುತ್ತಾನೆ. ಎದುರಿಗಿರುವವರು ಬಹಳ ದೊಡ್ಡವರು, ಕೋರಿಕೆ ಬಹಳ ಚಿಕ್ಕದು. ‘ಮೋಡರು’ ಎಂಬ ಬಹುವಚನ ಅವನ ಸ್ವಭಾವದಿಂದಲೇ ಬಂದದ್ದು, ಮೋಡಕ್ಕೂ ಗೌರವ ಸಲ್ಲಬೇಕು. ಇದೇ ನಾಲ್ಕು ಸಾಲನ್ನು ಸಹಿ ತೆಗೆದು ಓದಿ ನೋಡಿ. ಒಂದು ಸಾಧಾರಣ ಚುಟುಕ. ಸಹಿ ಇದ್ದಾಗ ಬೇವಿನ ಮರದ ಕೆಳಗೆ ಕಾರ್ಬನ್ ಹಾಳೆ ಜೋಡಿಸಿಕೊಂಡು ಕುಳಿತವನು ಕಾಣುತ್ತಾನೆ.

ಎರಡನೆಯ ಕವಿತೆ ಮೊದಲನೆಯದರ ಹೆಗಲ ಮೇಲೆ ನಿಲ್ಲಬೇಕು. ಜೂನ್ ಬಂತು, ಬಿತ್ತನೆಯಾಯಿತು, ಮಳೆ ಕೈಕೊಟ್ಟಿತು:

ವಿಷಯ: ಜ್ಞಾಪನ ಪತ್ರ

ಮೋಡರಿಗೆ ಹೋದ ವಾರದ ಅರ್ಜಿ
ತಲುಪಿದೆಯೊ ಇಲ್ಲವೋ ತಿಳಿದಿಲ್ಲ.
ತೊಗರಿ ಸಸಿ ಸಹಿಗಾಗಿ ಕಾಯುತಿದೆ.
ನೆನಪಿಸುವ ಅರ್ಜಿ ಅಂಬಾರಾಯ

ಮೂರನೆಯ ಸಾಲಿನಲ್ಲಿ ‘ತೊಗರಿ ಹೂ’ ಎಂದರೂ ಮಾತ್ರೆ ಸರಿಹೋಗುತ್ತದೆ, ಕಿವಿಗೂ ಇಂಪು. ಆದರೆ ತೊಗರಿ ಹೂಬಿಟ್ಟಾಗ ಮೋಡ ಕವಿದ ವಾತಾವರಣ ಬಂದರೆ ಕಾಯಿಕೊರಕದ ಕಾಟ ಎಂದು ನಮ್ಮ ರೈತರಿಗೆಲ್ಲ ಗೊತ್ತು. ಹೂವಿನ ಹೊತ್ತಿಗೆ ಮೋಡವನ್ನು ಕರೆಯುವ ಅಂಬಾರಾಯ ಭೀಮಾ ದಂಡೆಯವನಾಗಿರಲಾರ. ಅಂಥ ಒಂದು ಪದದಿಂದ ಪಾತ್ರ ಸುಳ್ಳಾಗುತ್ತದೆ, ಕೇಳುವವರು ಕವಿತೆಗೆ ನಗದೆ ಕವಿಗೆ ನಗುತ್ತಾರೆ. ಪಾತ್ರದ ಸೀಮೆ ಗೊತ್ತು ಮಾಡಿದ ಮೇಲೆ ಆ ಸೀಮೆಯ ಬೆಳೆ, ಹಬ್ಬ, ಬಸ್ಸಿನ ವೇಳೆ ಎಲ್ಲಕ್ಕೂ ನೀವು ಹೊಣೆ.

ಮೂರನೆಯದರಲ್ಲಿ ಮೊದಲ ಬಾರಿಗೆ ಅವನು ತನಗಾಗಿ ಏನನ್ನಾದರೂ ಕೇಳಲಿ. ಜಾತಕದಲ್ಲಿ ಕೂಡಿಟ್ಟ ವಿಳಾಸದ ಕಥೆ ಇಲ್ಲಿ ಕೆಲಸಕ್ಕೆ ಬರುತ್ತದೆ:

ವಿಷಯ: ನನ್ನದೇ ಒಂದು ಬಾಕಿಯ ಕುರಿತು

ಹುಟ್ಟಿದೂರಲ್ಲಿಯೇ ಇದ್ದೇನೆ,
ಜಿಲ್ಲೆಯೂ ರಾಜ್ಯವೂ ಬದಲಾಯ್ತು.
ವರ್ಗಾವಣೆಯ ಭತ್ಯೆ ಕೊಡಬೇಕು.
ಕಾದಿರುವ ಅರ್ಜಿ ಅಂಬಾರಾಯ

ಮೂರು ಕವಿತೆಗೆ ಓದುಗ ಅವನನ್ನು ಗುರುತಿಸುತ್ತಾನೆ. ಇಷ್ಟರೊಳಗೆ ಗುರುತಿಸದಿದ್ದರೆ ಮುಂದಿನ ಹತ್ತು ಬರೆಯುವ ಬದಲು ಜಾತಕಕ್ಕೆ ಮರಳುವುದು ಮೇಲು.

ಆಡುಮಾತು ಎಷ್ಟು ಬೇಕು

ಈ ಪ್ರಶ್ನೆಯನ್ನು ಎಲ್ಲರೂ ಕೇಳುತ್ತಾರೆ, ಏಕೆಂದರೆ ನಮ್ಮ ಕಡೆಯ ಮಾತು ಬರೆದರೇ ನಗು ಬರುತ್ತದೆ ಎಂಬ ನಂಬಿಕೆ ಇದೆ. ಬರುತ್ತದೆ, ಬೆಂಗಳೂರಿನವರಿಗೆ. ಊರಿನವರಿಗೆ ತಮ್ಮ ಮಾತು ನಗುವ ವಸ್ತುವಲ್ಲ, ಅದು ಮಾತು ಅಷ್ಟೆ. ಮಾತಿನ ರೂಪದಿಂದಲೇ ನಗು ಹುಟ್ಟಿಸಹೊರಟ ಪಾತ್ರ ತನ್ನೂರಿನ ಸಭೆಯಲ್ಲಿ ಸೊರಗುತ್ತದೆ. ಕಲಬುರಗಿಯಲ್ಲೇ ಬಾಳಿದ ದಖನಿ ಹಾಸ್ಯಕವಿ ಸುಲೈಮಾನ್ ಖತೀಬ್ ಮನೆಮಾತಿನಲ್ಲೇ ಬರೆದರು, ಅತ್ತೆ ಸೊಸೆಯರನ್ನು ಮಾತನಾಡಿಸಿದರು. ಅಲ್ಲಿ ನಗು ಬರುವುದು ಅವರ ಜಗಳದಿಂದ, ದಖನಿಯಿಂದಲ್ಲ. ಹಾಗೆಯೇ, ಬೇರೆ ಮನೆಮಾತಿನವರ ಮುರುಕು ಕನ್ನಡವನ್ನೇ ಬಂಡವಾಳ ಮಾಡಿಕೊಂಡ ಪಾತ್ರವನ್ನು ನಾನಂತೂ ಕಟ್ಟುವುದಿಲ್ಲ.

ಅಂಬಾರಾಯನಿಗೆ ಈ ತೊಡಕೇ ಇಲ್ಲ. ಅವನ ದನಿ ಕಚೇರಿಯ ಕನ್ನಡ. ತಕರಾರು, ಹಾಜರು, ಜಾರಿ, ಮುಚ್ಚಳಿಕೆ, ಪಂಚನಾಮೆ, ಬಾಕಿ, ನಕಲು. ಉರ್ದು, ಪಾರ್ಸಿಯಿಂದ ಬಂದ ಈ ಪದಗಳು ಹೆಚ್ಚಿನವು ರಾಜ್ಯದ ಎಲ್ಲ ಕಚೇರಿಗಳಲ್ಲೂ ನಡೆಯುತ್ತವೆ, ನಮ್ಮಲ್ಲಿ ಮನೆಯೊಳಗೂ ನಡೆಯುತ್ತವೆ. ಒಂದು ಕವಿತೆಗೆ ಇಂಥ ಒಂದು ಪದ, ಹೆಚ್ಚೆಂದರೆ ಎರಡು. ಸೊಳ್ಳೆಯವರಿಂದ ಇನ್ನು ಮುಂದೆ ಕಚ್ಚುವುದಿಲ್ಲವೆಂಬ ಮುಚ್ಚಳಿಕೆ ಬರೆಸಿಕೊಡಬೇಕೆಂದು ಅವನು ಕೋರಬಹುದು. ಅದರ ಜೊತೆ ಪಂಚನಾಮೆ, ಜಾಮೀನು, ಫೈಸಲಾತಿ ಎಲ್ಲ ಸುರಿದರೆ ಪದಕೋಶವಾಗುತ್ತದೆ.

ಹೆಸರನ್ನು ಪರೀಕ್ಷಿಸುವುದು

ಕವಿತೆ ಹೊರಗೆ ಬಿಡುವ ಮೊದಲು ಬರಿಯ ಹೆಸರನ್ನು ನಾಲ್ಕು ಜನರಿಗೆ ಹೇಳಿ. ಬೇರೆ ಬೇರೆ ವಯಸ್ಸಿನವರಿರಲಿ, ಕವಿತೆ ಬರೆಯುವವರು ಬೇಡ. ಕವಿತೆ ತೋರಿಸಬೇಡಿ. ಮೂರು ಪ್ರಶ್ನೆ ಕೇಳಿ: ಇವನಿಗೆ ಎಷ್ಟು ವಯಸ್ಸಿರಬಹುದು? ಏನು ತೊಟ್ಟುಕೊಂಡಿದ್ದಾನೆ? ಬಸ್ಸು ಎರಡು ತಾಸು ತಡವಾದರೆ ಏನು ಮಾಡುತ್ತಾನೆ? ವಯಸ್ಸು, ಉಡುಪು ಹೆಚ್ಚುಕಡಿಮೆ ಒಂದೇ ಬಂದರೆ ಹೆಸರು ಮಾತನಾಡುತ್ತಿದೆ ಎಂದು ಅರ್ಥ. ಮೂರನೆಯ ಉತ್ತರದಲ್ಲಿ ವ್ಯತ್ಯಾಸ ಇರಬೇಕು. ಒಬ್ಬರು ‘ಸುಮ್ಮನೆ ಕೂರುತ್ತಾನೆ’ ಎನ್ನಲಿ, ಇನ್ನೊಬ್ಬರು ‘ಕಂಟ್ರೋಲರ್ ಹತ್ತಿರ ಹೋಗಿ ಕೇಳುತ್ತಾನೆ’ ಎನ್ನಲಿ. ಎಲ್ಲರೂ ಒಂದೇ ಹೇಳಿದರೆ ಹೆಸರು ಸ್ವಭಾವವನ್ನೂ ಬಿಟ್ಟುಕೊಟ್ಟಿದೆ, ಖಾರದ ಕಾಶಿಬಾಯಿಯ ಪಾಡು ಇದಕ್ಕೂ ಬರುತ್ತದೆ.

ಜೊತೆಗೆ, ಆ ಹೆಸರಿನಿಂದ ಈಗಾಗಲೇ ಯಾರನ್ನಾದರೂ ಕರೆಯುತ್ತಾರೆಯೇ ಎಂದು ವಿಚಾರಿಸಿ. ಮೊಬೈಲಿನಲ್ಲಿ ಹುಡುಕಿದರೆ ಸಾಲದು. ಅಡ್ಡಹೆಸರುಗಳು ಚಹಾದಂಗಡಿಯಲ್ಲಿ ಇರುತ್ತವೆ, ಅಂತರ್ಜಾಲದಲ್ಲಿ ಇರುವುದಿಲ್ಲ. ನಿಮ್ಮ ತಾಲ್ಲೂಕು ಕಚೇರಿಯ ಎದುರು ನಿಜವಾಗಿಯೂ ಒಬ್ಬ ಅಂಬಾರಾಯ ಅರ್ಜಿ ಬರೆಯುತ್ತಿದ್ದರೆ ಹೆಸರು ಬದಲಿಸಿ, ಬೇರೆ ದಾರಿಯಿಲ್ಲ.

ಕೆಡುವುದು ಎಲ್ಲಿ

ಮೊದಲ ಕೇಡು ಕವಿಯೇ ಪಾತ್ರದೊಳಗೆ ಬಂದು ಕೂರುವುದು. ಚುನಾವಣೆ ಬರುತ್ತದೆ, ನಿಮಗೆ ಕೋಪ ಬಂದಿರುತ್ತದೆ, ಅಂಬಾರಾಯನ ಬಾಯಿಗೆ ನಿಮ್ಮ ಭಾಷಣ ತುರುಕುತ್ತೀರಿ. ಗುರುತಿಸುವುದು ಸುಲಭ: ಕವಿತೆಯಲ್ಲಿ ‘ಯಾರಿಗೆ’ ಎಂಬುದು ಕಾಣೆಯಾಗಿರುತ್ತದೆ, ಬಹುವಚನ ಬಿಟ್ಟುಹೋಗಿರುತ್ತದೆ, ಕೋರಿಕೆಯ ಜಾಗದಲ್ಲಿ ತೀರ್ಪು ಇರುತ್ತದೆ. ಅದನ್ನು ನಿಮ್ಮ ಹೆಸರಿನಲ್ಲಿ ಪ್ರಕಟಿಸಿ. ಅಂಬಾರಾಯನಿಗೆ ಕೋಪ ಬಂದರೆ ಅವನು ‘ಉಲ್ಲೇಖ’ದಲ್ಲಿ ಹಿಂದಿನ ಆರು ಅರ್ಜಿಗಳ ದಿನಾಂಕ ನಮೂದಿಸುತ್ತಾನೆ, ಅಷ್ಟೆ.

ಎರಡನೆಯದು ಒಂದೇ ನಗೆಯ ಪುನರಾವರ್ತನೆ. ಸೂರ್ಯ, ಮೋಡ, ಗಾಳಿ, ಚಂದ್ರ ಎಂದು ಆಕಾಶದಲ್ಲೇ ಸುತ್ತುತ್ತಿದ್ದರೆ ಐದನೆಯ ಕವಿತೆಗೆ ಓದುಗ ಮುಂದಿನ ಸಾಲನ್ನು ತಾನೇ ಹೇಳುತ್ತಾನೆ. ಅಳತೆಯನ್ನು ತಿರುಗಿಸಿ. ದೊಡ್ಡವರಿಗೆ ಚಿಕ್ಕ ಕೋರಿಕೆಯಾಯಿತು, ಈಗ ಚಿಕ್ಕವರಿಗೆ ದೊಡ್ಡ ಕೋರಿಕೆ. ಇರುವೆಯವರಲ್ಲಿ ಸಾಲಿನಲ್ಲಿ ನಿಲ್ಲುವುದನ್ನು ರೇಷನ್ ಅಂಗಡಿಯ ಮುಂದೆ ಬಂದು ಕಲಿಸಿಕೊಡಬೇಕೆಂದು ಕೋರಬಹುದು. ತನ್ನದೇ ಎಡ ಮೊಣಕಾಲಿಗೆ ಬರೆಯುವಾಗ, ಬಲಗಾಲು ಒಂಟಿಯಾಗಿ ಕರ್ತವ್ಯ ನಿರ್ವಹಿಸುತ್ತಿರುವುದನ್ನು ಅವರ ಗಮನಕ್ಕೆ ತರಬಹುದು.

ಮೂರನೆಯದು ಎಲ್ಲಕ್ಕಿಂತ ಆಸೆ ಹುಟ್ಟಿಸುವಂಥದ್ದು: ಉತ್ತರ ಬರಿಸುವುದು. ಸೂರ್ಯನಿಂದ ಹಿಂಬರಹ ಬಂತು ಎಂದು ಒಂದು ಕವಿತೆ ಬರೆಯಬೇಕೆನಿಸುತ್ತದೆ, ಬರೆದರೆ ಜನ ನಗುತ್ತಾರೆ ಕೂಡ. ಆದರೆ ಮರುವಾರದಿಂದ ಅಂಬಾರಾಯ ಬರಿಯ ಪತ್ರವ್ಯವಹಾರದ ಗುಮಾಸ್ತನಾಗುತ್ತಾನೆ. ಅವನ ಹಟಕ್ಕೆ ಅರ್ಥವಿರುವುದೇ ಉತ್ತರ ಬಾರದ್ದರಿಂದ. ತೀರಾ ಬೇಕೆಂದರೆ, ಅರ್ಜಿ ‘ಲಗತ್ತು ಇಲ್ಲ’ ಎಂಬ ಕಾರಣಕ್ಕೆ ಹಿಂತಿರುಗಲಿ.

ಮನೆಯಲ್ಲಿ ಇನ್ನೊಬ್ಬರು

ಇಪ್ಪತ್ತು ಮೂವತ್ತು ಕವಿತೆಯಾದ ಮೇಲೆ ಅವನ ಎದುರಿಗೆ ಒಬ್ಬರು ಬೇಕಾಗುತ್ತದೆ. ಹೆಂಡತಿ ಗುರಮ್ಮ ಇರಲಿ. ಅವಳ ಹೆಸರಿಗೆ ಮುಂದೆ ಯಾವ ಪದವೂ ಬೇಡ, ಪ್ರಾಸವೂ ಬೇಡ. ಇಬ್ಬರ ಹೆಸರಿಗೂ ಅಲಂಕಾರ ಮಾಡಿದರೆ ನಾಟಕದ ಜೋಡಿಯಾಗಿಬಿಡುತ್ತಾರೆ. ಲಯವೂ ಇಲ್ಲಿ ನೆರವಿಗೆ ಬರುತ್ತದೆ: ಗುರಮ್ಮ ಎಂಬುದು ಒಂದು, ಎರಡು, ಒಂದು ಮಾತ್ರೆ, ಐದರ ಗಣದ ಆರಂಭದಲ್ಲಿ ಅದು ಸಲೀಸಾಗಿ ಕೂರುವುದಿಲ್ಲ. ಒಳ್ಳೆಯದೇ ಆಯಿತು. ಅವಳು ಪದ್ಯದೊಳಗೆ ಬರುವುದು ಬೇಡ. ಸಹಿಯ ಕೆಳಗೆ, ಗದ್ಯದಲ್ಲಿ, ಅಪರೂಪಕ್ಕೆ ಒಂದು ಷರಾ ಬರೆಯಲಿ. ಸೂರ್ಯನಿಗೆ ರಜೆ ಕೋರಿದ ಅರ್ಜಿಯ ಕೆಳಗೆ ಅವಳ ಷರಾ ಹೀಗಿದ್ದರೆ ಸಾಕು: ‘ಹಪ್ಪಳ ಇನ್ನೂ ಒಣಗಿಲ್ಲ. ರಜೆ ಮಂಜೂರು ಮಾಡಬಾರದು. ಗುರಮ್ಮ.’

ಸಭೆಯಲ್ಲಿ ಓದುವುದು

ರಾಜ್ಯೋತ್ಸವದ ಕವಿಗೋಷ್ಠಿಯಲ್ಲೋ ಜಾತ್ರೆಯ ವೇದಿಕೆಯಲ್ಲೋ ಓದುವಾಗ ಅಂಬಾರಾಯ ಯಾರೆಂದು ವಿವರಿಸಬೇಡಿ. ‘ವಿಷಯ’ದ ಸಾಲನ್ನು ಕಚೇರಿಯ ಧಾಟಿಯಲ್ಲಿ, ನಗದೆ ಓದಿ. ಮೂರನೆಯ ಸಾಲು ಮುಗಿದ ಮೇಲೆ ನಗುವಿಗೆ ಸಮಯ ಕೊಡಿ, ಆಮೇಲೆ ಸಹಿ. ಮೂರು ನಾಲ್ಕು ಅರ್ಜಿ ಸಾಕು, ಅದರಲ್ಲಿ ಒಂದು ಜ್ಞಾಪನ ಪತ್ರ ಇರಲೇಬೇಕು. ಕೊನೆಯ ಅರ್ಜಿಯಲ್ಲಿ ‘ಕಾದಿರುವ’ ಎಂದು ನೀವು ನಿಲ್ಲಿಸಿದಾಗ ಹಿಂದಿನ ಸಾಲಿನಿಂದ ಯಾರಾದರೂ ಉಳಿದ ಹತ್ತು ಮಾತ್ರೆಯನ್ನು ಕೂಗಿದರೆ ಹೆಸರು ನೆಲೆಯೂರಿದೆ. ಆ ಮೇಲೆ ಪತ್ರಿಕೆಗೋ ಪುಸ್ತಕಕ್ಕೋ ಕೊಡಲು ಯೋಚಿಸಬಹುದು. ಆಗಲೂ ಕವಿತೆಗಳನ್ನು ಬರೆದ ಕ್ರಮದಲ್ಲೇ ಜೋಡಿಸಿ. ಜ್ಞಾಪನ ಪತ್ರ ಮೊದಲ ಅರ್ಜಿಗಿಂತ ಮುಂಚೆ ಬಂದರೆ ಅಂಬಾರಾಯ ಅದನ್ನು ಖಂಡಿತ ಒಪ್ಪುವುದಿಲ್ಲ.